ಮೊದಲ ದಿನದ ಮಾತು

ಮನೆಗೆ ಬಂದವರನ್ನು ಸ್ವಾಗತಿಸುವ ರೀತಿ ನಮಗೆಲ್ಲ ಗೊತ್ತು. ಕಾಲಿಗೆ ನೀರು ಕೊಡುತ್ತೇವೆ, ಚಾಪೆ ಹಾಸುತ್ತೇವೆ, ಊಟದ ಹೊತ್ತಾಗಿದ್ದರೆ ಎಲೆ ಹಾಕುತ್ತೇವೆ. ಆದರೆ ಬಂದ ಅತಿಥಿಯ ಕೈಗೆ ಗುದ್ದಲಿ ಕೊಟ್ಟು 'ಹಿತ್ತಿಲನ್ನು ಅಗೆದು ಬನ್ನಿ' ಎನ್ನುವುದಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಸ್ವಾಗತಿಸುವಾಗ ಮಾತ್ರ ನಾವು ಈ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡುತ್ತೇವೆ. 'ಬನ್ನಿ, ಸಂತೋಷ' ಎನ್ನುತ್ತೇವೆ; ಒಡನೆಯೇ 'ಇಗೋ ಗುದ್ದಲಿ' ಎನ್ನುತ್ತೇವೆ. ಅರ್ಧ ಆತಿಥ್ಯ, ಅರ್ಧ ಕರಾರು. ಇಂಥ ಭಾಷಣವನ್ನು ಸುಳ್ಳಿಲ್ಲದೆ ಮಾಡುವುದು ಸಾಧ್ಯವೇ ಎಂಬ ಪ್ರಶ್ನೆ ನನ್ನನ್ನು ಕೆಲವು ಕಾಲದಿಂದ ಕಾಡುತ್ತಿದೆ. ಮಾತನಾಡುವವನು ಯಾರ ಪರವಾಗಿ ಮಾತು ಕೊಡುತ್ತಾನೆ? ಕೇಳುವವರಿಂದ ಎಷ್ಟನ್ನು ಕೇಳುವ ಹಕ್ಕು ಅವನಿಗುಂಟು?

ನಾನು ಮೇಷ್ಟರಾಗಿ ಬಹುಕಾಲ ಕಳೆದದ್ದು ಚಾಮರಾಜನಗರದಲ್ಲಿ, ಈಗ ಗುಂಡ್ಲುಪೇಟೆಯಲ್ಲಿದ್ದೇನೆ. ಚಾಮರಾಜನಗರಕ್ಕೆ ಹೊಸದಾಗಿ ಕೆಲಸಕ್ಕೆ ಬಂದವರನ್ನು ಸ್ವಾಗತಿಸುವುದೇ ಒಂದು ಪ್ರತ್ಯೇಕ ವಿದ್ಯೆ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಅದು ತಾನೇ ಒಂದು ಜಿಲ್ಲೆಯಾಯಿತು. ಕಛೇರಿಗಳು ಬಂದುವು, ಕಛೇರಿಗಳಿಗೆ ಜನರೂ ಬಂದರು. ಆದರೆ ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮಾತು ಬಹುಕಾಲ ನಾಡಿನಲ್ಲೆಲ್ಲ ಓಡಾಡುತ್ತಿತ್ತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಇಲ್ಲಿಗೆ ಹಲವು ಸಲ ಬಂದು ಹೋಗಿ, ಐದು ವರ್ಷವನ್ನೂ ಪೂರೈಸಿದ ಮೇಲೆ ಆ ಮಾತಿನ ಬಿಸಿ ಆರಿತು. ಅದಕ್ಕೆ ಮುಂಚೆ, ಆಳುವವರೇ ಬರಲು ಅಂಜುವ ಊರಿಗೆ ವರ್ಗವಾಗಿ ಬಂದ ಗುಮಾಸ್ತನ ಮುಖ ಹೇಗಿರುತ್ತಿತ್ತೆಂದು ನೀವೇ ಊಹಿಸಿಕೊಳ್ಳಿ. ಅಲ್ಲಿ ಸ್ವಾಗತವೆಂದರೆ ಅರ್ಧ ಸಮಾಧಾನ. ಬರಲು ಮನಸ್ಸಿಲ್ಲದವನಿಗೆ 'ಇಲ್ಲಿಯೂ ಮನುಷ್ಯರಿದ್ದಾರೆ' ಎಂದು ತಿಳಿಸಿಕೊಡುವ ಕೆಲಸ.

ಗುಂಡ್ಲುಪೇಟೆಯ ಕಾಡಂಚಿನಲ್ಲಿ ನಡೆಯುವ ಸ್ವಾಗತ ಇದಕ್ಕೆ ತೀರ ವಿರುದ್ಧವಾದದ್ದು. ಅಲ್ಲಿ ಬರಲೊಲ್ಲದವರನ್ನಲ್ಲ, ಮೊದಲಿನಿಂದ ಅಲ್ಲಿಯೇ ಇದ್ದವರನ್ನು ಸ್ವಾಗತಿಸುತ್ತಾರೆ. ನಾನು ಹೇಳುತ್ತಿರುವುದು ಬಂಡೀಪುರದ ಬೆಂಕಿ ಕಾವಲುಗಾರರ ವಿಷಯ. ಸಂಕ್ರಾಂತಿಯ ಸುಮಾರಿಗೆ ಈ ಕಾಡಿನ ತೇಗ, ದಿಂಡಿಗ ಮೊದಲಾದ ಮರಗಳು ಎಲೆ ಉದುರಿಸತೊಡಗುತ್ತವೆ. ಎದೆಯೆತ್ತರ ಬೆಳೆದ ಹುಲ್ಲು ಒಣಗಿ ಕಾಗದವಾಗುತ್ತದೆ. ಅಲ್ಲಿಂದ ಮುಂಗಾರಿಗೆ ಮುಂಚಿನ ಮಳೆ ಬೀಳುವವರೆಗೆ ಇಲಾಖೆಯವರು ಬೆಂಕಿ ಕಾಯಲು ತಾತ್ಕಾಲಿಕವಾಗಿ ಜನರನ್ನು ತೆಗೆದುಕೊಳ್ಳುತ್ತಾರೆ. ಸುತ್ತಲ ಹಾಡಿಗಳ ಸೋಲಿಗರು, ಜೇನುಕುರುಬರು, ಕಾಡಂಚಿನ ಹಳ್ಳಿಗಳ ಬಡ ಹುಡುಗರು ಈ ಕೆಲಸಕ್ಕೆ ಬರುತ್ತಾರೆ. ಕೆಲವರು ಹತ್ತಾರು ಬೇಸಗೆ ಬೆಂಕಿಯೊಡನೆ ಸೆಣಸಿದವರು. ಕೆಲವರು ಒಲೆಯ ಬೆಂಕಿಯ ಹೊರತು ಬೇರೆ ಬೆಂಕಿಯನ್ನೇ ಕಾಣದವರು.

ನನಗೆ ಪರಿಚಿತರಾದ ಒಬ್ಬ ತರುಣ ವಲಯಾಧಿಕಾರಿ ಒಂದು ವರ್ಷ, ಮೊದಲ ದಿನ ಇವರ ಮುಂದೆ ಆಡಬೇಕಾದ ಭಾಷಣವನ್ನು ಬರೆದು ತಂದು 'ಮೇಷ್ಟ್ರೇ, ಇದನ್ನು ಸ್ವಲ್ಪ ತಿದ್ದಿಕೊಡಿ' ಎಂದರು. ಅವರು ಒಳ್ಳೆಯ ಮನುಷ್ಯ. ಬರೆದದ್ದೂ ಒಳ್ಳೆಯ ಮನಸ್ಸಿನಿಂದಲೇ. ಐದು ವಾಕ್ಯಗಳು. ಒಂದು: ಈ ಕಾಡಿಗೆ ನಿಮಗೆಲ್ಲ ಹೃತ್ಪೂರ್ವಕ ಸ್ವಾಗತ. ಎರಡು: ಇಂದಿನಿಂದ ನಾವೆಲ್ಲರೂ ಒಂದೇ ಕುಟುಂಬ. ಮೂರು: ಪ್ರಾಣ ಕೊಟ್ಟಾದರೂ ಈ ವನಸಂಪತ್ತನ್ನು ಕಾಪಾಡಬೇಕು. ನಾಲ್ಕು: ಮೇಲಿನವರ ಆಜ್ಞೆಯನ್ನು ಪ್ರಶ್ನಿಸದೆ ಪಾಲಿಸಬೇಕು. ಐದು: ಏನು ಕಷ್ಟ ಬಂದರೂ ನನ್ನ ಬಾಗಿಲು ಸದಾ ತೆರೆದಿರುತ್ತದೆ. ವ್ಯಾಕರಣದಲ್ಲಿ ತಿದ್ದುವಂಥದೇನೂ ಇರಲಿಲ್ಲ. ಆದರೆ ಕಾಗದವನ್ನು ಕೈಯಲ್ಲಿ ಹಿಡಿದು ಕೂತಷ್ಟೂ, ಐದರಲ್ಲಿ ಒಂದನ್ನಾದರೂ ಅಪ್ಪಟ ನಿಜವೆಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಮೊದಲನೆಯ ವಾಕ್ಯವನ್ನೇ ನೋಡಿ. ಸ್ವಾಗತಿಸುವವನು ಮನೆಯೊಡೆಯ; ಸ್ವಾಗತಿಸಿಕೊಳ್ಳುವವನು ಹೊರಗಿನವನು. ವಲಯಾಧಿಕಾರಿಗಳು ಈ ಕಾಡಿಗೆ ಬಂದು ಎರಡು ವರ್ಷವಾಗಿತ್ತು. ಎದುರಿಗೆ ಕೂರುವವರಲ್ಲಿ ಕೆಲವರ ಅಜ್ಜಂದಿರು ಈ ಮರಗಳ ಕೆಳಗೇ ಹುಟ್ಟಿ, ಇಲ್ಲೇ ಮಣ್ಣಾದವರು. 1941ರಲ್ಲಿ ಮಹಾರಾಜರ ಕಾಲದಲ್ಲಿ ಇದು ವೇಣುಗೋಪಾಲ ವನ್ಯಮೃಗಧಾಮವಾಯಿತು. 1973ರಲ್ಲಿ ಹುಲಿ ಯೋಜನೆ ಬಂದಿತು. ಕಾಡಿನ ರಕ್ಷಣೆ ಬಿಗಿಯಾದಂತೆಲ್ಲ ಕಾಡಿನ ಜನರ ವಾಸ ಅಂಚಿಗೆ ಸರಿಯಿತು. ಹೀಗಿರುವಾಗ ಯಾರು ಯಾರನ್ನು ಸ್ವಾಗತಿಸಬೇಕು? ಈ ಮಾತನ್ನು ನಾನು ಹಾಡಿಯ ಒಬ್ಬ ಹಿರಿಯರ ಹತ್ತಿರ ಪ್ರಸ್ತಾಪಿಸಿದೆ. ಅವರು ಎಲೆಯಡಿಕೆ ಮೆಲ್ಲುತ್ತ ನಕ್ಕುಬಿಟ್ಟರು. 'ಅಲ್ಲ ಬುದ್ಧಿ, ನಮ್ಮನೇಗೆ ಬಂದು ನಮ್ಮುನ್ನೇ ಬಾ ಅಂದ್ರೆ ಏನೇಳ್ಬೇಕು? ಅವ್ರೂ ಚಿಕ್ಕೋರು, ಬೇಜಾರಾಯ್ತದೆ. ಹೂಂ ಅಂದು ಕೂತ್ಕತೀವಿ' ಎಂದರು. ಅವರ ನಗೆಯಲ್ಲಿ ಕಹಿ ಇರಲಿಲ್ಲ. ಆದರೆ ಆ 'ಹೂಂ' ಎಂಬುದರಲ್ಲಿ ಎಷ್ಟು ಕಾಲದ ಸಹನೆ ಅಡಗಿದೆ ಎಂಬುದನ್ನು ಮಾತನಾಡುವವನು ಅರಿತಿರಬೇಕಷ್ಟೆ.

ಇದರಲ್ಲಿ ಇನ್ನೊಂದು ತೊಡಕೂ ಉಂಟು. ಚಾಮರಾಜನಗರದ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ಪದ್ಧತಿಯಿತ್ತು. ಬೇಸಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ತರಗಿಗೆ ಅಲ್ಲಲ್ಲಿ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ಮೊಣಕಾಲೆತ್ತರಕ್ಕೂ ಏಳದೆ ತರಗನ್ನು ತಿಂದು ತಾನೇ ಆರಿಹೋಗುತ್ತಿತ್ತು. ಮುಂದೆ ಮಾರ್ಚಿಯಲ್ಲಿ ಕಿಡಿ ಬಿದ್ದರೂ ದೊಡ್ಡದಾಗಿ ಉರಿಯಲು ಅಲ್ಲಿ ಮೇವಿರುತ್ತಿರಲಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದು, 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಅದು ನಿಂತದ್ದರಿಂದಲೇ ಲಂಟಾನ ಕಾಡನ್ನೆಲ್ಲ ಆವರಿಸಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಬೆಂಕಿ ಮತ್ತೆ ಮತ್ತೆ ಬಿದ್ದರೆ ಎಳೆಯ ಸಸಿಗಳು ಮೇಲೇಳುವುದಿಲ್ಲವೆಂದು ಅರಣ್ಯ ಬಲ್ಲವರು ಹೇಳುತ್ತಾರೆ, ಅದೂ ಸುಳ್ಳಲ್ಲ. ಈ ವಾದವನ್ನು ಇಲ್ಲಿ ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ಆದರೆ ಅಜ್ಜ ಹೊತ್ತಿಸುತ್ತಿದ್ದುದನ್ನು ಆರಿಸುವುದಕ್ಕೆ ಮೊಮ್ಮಗನನ್ನು ಕೂಲಿಗೆ ಕರೆದು, ಮೊದಲ ದಿನವೇ ಅವನಿಗೆ 'ಬೆಂಕಿ ಎಂದರೇನು ಗೊತ್ತೆ?' ಎಂದು ಪಾಠ ಹೇಳಹೊರಟರೆ ಅದು ಅವಿವೇಕವಲ್ಲದೆ ಮತ್ತೇನು? ಆದುದರಿಂದ ಮೊದಲ ವಾಕ್ಯವನ್ನು ಹೀಗೆ ತಿದ್ದೋಣವೆಂದೆ: 'ಈ ಕಾಡನ್ನು ನನಗಿಂತ ಬಲ್ಲವರು ನಿಮ್ಮಲ್ಲಿದ್ದಾರೆ. ಏನೂ ಅರಿಯದ ಹುಡುಗರೂ ಇದ್ದಾರೆ. ಬಲ್ಲವರು ಈ ಹುಡುಗರಿಗೆ ಹೇಳಿಕೊಡಬೇಕು, ನನಗೂ ಹೇಳಬೇಕು.'

ಎರಡನೆಯದು, ಕುಟುಂಬದ ಮಾತು. ಇದು ಇಂದು ಎಲ್ಲ ಕಡೆಯೂ ಚಲಾವಣೆಯಲ್ಲಿರುವ ನಾಣ್ಯ. ಅಂಗಡಿಯಿಂದ ಹಿಡಿದು ದೊಡ್ಡ ಕಂಪೆನಿಯವರೆಗೆ ಎಲ್ಲರೂ ಹೊಸಬನಿಗೆ ಇದನ್ನೇ ಕೊಡುತ್ತಾರೆ. ಕೊಡುವವನಿಗೆ ಖರ್ಚಿಲ್ಲ, ಪಡೆದವನಿಗೆ ಸಂತೋಷ. ಆದರೆ ಕುಟುಂಬವೆಂದರೇನು? ಮಳೆ ಬಂತೆಂದು ಮಗನ ಹೆಸರನ್ನು ಯಾವ ತಾಯಿಯೂ ಪುಸ್ತಕದಿಂದ ಹೊಡೆದುಹಾಕುವುದಿಲ್ಲ. ಬೆಂಕಿ ಕಾವಲಿನವರ ಹೆಸರು ಮೇ ತಿಂಗಳ ಮಳೆಯೊಂದಿಗೆ ಹಾಜರಿ ಪುಸ್ತಕದಿಂದ ಹೋಗುತ್ತದೆ. ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂಕಿಯ ಕೆಲಸ ಬೆಂಕಿಯ ಕಾಲಕ್ಕೆ ಮಾತ್ರ ಇರುತ್ತದೆ. ಆದರೆ ನಾಲ್ಕು ತಿಂಗಳ ಕೆಲಸಕ್ಕೆ ಜನ್ಮಾಂತರದ ಹೆಸರನ್ನಿಟ್ಟು ಕರೆದರೆ ಅದರ ಬೆಲೆಯನ್ನು ಯಾರಾದರೂ ತೆರಲೇಬೇಕು. ತೆರುವವನು ಕೇಳಿ ನಂಬಿದವನು. ಕುಟುಂಬವೆಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಮನೆಯವನು ಕೂಲಿ ಕೇಳುವುದಿಲ್ಲ, ಹೊತ್ತು ಲೆಕ್ಕ ಹಾಕುವುದಿಲ್ಲ. ಆದ್ದರಿಂದ 'ನೀನು ನಮ್ಮ ಮನೆಯವನು' ಎಂದವನಿಗೆ, ಸಂಜೆಯಾದ ಮೇಲೂ ದುಡಿ ಎನ್ನುವುದು ಸುಲಭವಾಗುತ್ತದೆ. ಕೂಲಿ ತಡವಾದರೆ ಕೇಳುವುದು ಕೇಳುವವನಿಗೇ ನಾಚಿಕೆಯಾಗುತ್ತದೆ.

'ಹಾಗಾದರೆ ಪ್ರೀತಿಯ ಮಾತೇ ಬೇಡವೇ?' ಎಂದು ವಲಯಾಧಿಕಾರಿಗಳು ಕೇಳಿದರು. ಬೇಕು, ಆದರೆ ಕೈಯಲ್ಲಿರುವುದನ್ನು ಕೊಡಬೇಕು. 'ಕೂಲಿ ಯಾವ ದಿನ ಬರುತ್ತದೆಂದು ಹೇಳಬಲ್ಲಿರಾ?' ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಣ ಬಿಡುಗಡೆ ಮಾಡುವುದು ಅವರ ಕೈಯಲ್ಲಿರಲಿಲ್ಲ. ಹಾಜರಿಯನ್ನು ಕೂಡಿಸಿ, ರುಜು ಹಾಕಿ, ಮೇಲಿನ ಕಛೇರಿಗೆ ಕಳಿಸುವುದು ಮಾತ್ರ ಅವರ ಕೈಯಲ್ಲಿತ್ತು. ಹಾಗಿದ್ದರೆ ಅಷ್ಟನ್ನೇ ಮಾತು ಕೊಡಿ ಎಂದೆ: 'ತಿಂಗಳ ಕೊನೆಯ ದಿನ ನಿಮ್ಮ ಹಾಜರಿಯನ್ನು ನಿಮ್ಮೆದುರಿಗೇ ಓದಿ, ಮಾರನೆಯ ದಿನ ನಾನು ರುಜು ಹಾಕಿ ಕಳಿಸುತ್ತೇನೆ. ಹಣ ಬರುವ ದಿನ ನನ್ನ ಕೈಯಲ್ಲಿಲ್ಲ. ತಡವಾದರೆ ಎಲ್ಲಿ ನಿಂತಿದೆಯೆಂದು ಕೇಳಿ ನಿಮಗೆ ತಿಳಿಸುತ್ತೇನೆ. ಮಳೆ ಹಿಡಿದ ಮೇಲೆ ಈ ಕೆಲಸ ಇರುವುದಿಲ್ಲ; ಅದನ್ನು ಈಗಲೇ ಹೇಳಿಬಿಡುತ್ತೇನೆ.' ಕೇಳುವುದಕ್ಕೆ ಇದು ಒಣ ಮಾತು. ಆದರೆ ಫೆಬ್ರವರಿ ಮುಗಿದು ಮಾರ್ಚಿ ಒಂದನೆಯ ತಾರೀಖು ಆ ರುಜು ಬಿದ್ದರೆ, ಕುಟುಂಬವೆಂಬ ಮಾತಿನಿಂದ ಆಗದ ಕೆಲಸ ಅದರಿಂದ ಆಗುತ್ತದೆ. ಕೊಟ್ಟ ಸಣ್ಣ ಮಾತು ಉಳಿದುದನ್ನು ಕಣ್ಣಾರೆ ಕಂಡವನು, ದೊಡ್ಡ ಗಳಿಗೆಯಲ್ಲಿ ಆಡಿದ ಮಾತನ್ನೂ ನಂಬುತ್ತಾನೆ.

ಮೂರನೆಯ ವಾಕ್ಯದಲ್ಲಿಯೇ ನಮ್ಮಿಬ್ಬರಿಗೂ ನಿಜವಾದ ವಾದ ಬಿದ್ದದ್ದು. 'ಪ್ರಾಣ ಕೊಟ್ಟಾದರೂ' ಎಂಬುದು ಅಲಂಕಾರದ ಮಾತು, ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದೆಂದು ಅವರ ಅಭಿಪ್ರಾಯ. ಆದರೆ 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕರು ಬೆಂಕಿಗೇ ಬಲಿಯಾದರು. ಇನ್ನೂ ಕೆಲವರು ಗಾಯಗೊಂಡರು. ಎರಡು ವರ್ಷದ ತರುವಾಯ, 2019ರ ಫೆಬ್ರವರಿಯಲ್ಲಿ, ಗೋಪಾಲಸ್ವಾಮಿ ಬೆಟ್ಟದ ಸುತ್ತ ಎದ್ದ ಬೆಂಕಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. ಇಂಥ ನೆಲದ ಮೇಲೆ ನಿಂತು ಆ ಮಾತನ್ನಾಡಿದರೆ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ಅದನ್ನು ಅಪ್ಪಣೆಯೆಂದೇ ತಿಳಿಯುತ್ತಾನೆ. ಹಿಂದೆ ಸರಿದರೆ ಹೇಡಿಯೆನಿಸಿಕೊಂಡೇನು ಎಂದು ಇನ್ನೂ ನಾಲ್ಕು ಏಟು ಹೊಡೆಯಲು ನಿಲ್ಲುತ್ತಾನೆ. ಆ ನಾಲ್ಕು ಏಟಿನ ಹೊತ್ತು ಎಷ್ಟು ದೊಡ್ಡದೆಂಬುದು ಬೆಂಕಿ ಬಲ್ಲವರಿಗೆ ಗೊತ್ತು.

ಓದುಗರು ಬೆಂಕಿಯ ರೀತಿಯನ್ನು ಸ್ವಲ್ಪ ತಿಳಿದರೆ ನನ್ನ ಮಾತು ಸ್ಪಷ್ಟವಾದೀತು. ನೆಲದ ತರಗಿನಲ್ಲಿ ಹರಿಯುವ ಬೆಂಕಿಯನ್ನು ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಬಹುದು. ಅದನ್ನೂ ಮುಂದೆ ನಿಂತು ಎದುರಿಸಬಾರದು. ಸುಟ್ಟು ಬಂದ ಹಿಂಬದಿಯಿಂದ ಹಿಡಿದು, ಎರಡು ಮಗ್ಗುಲಿನಲ್ಲಿಯೂ ಬಡಿಯುತ್ತ, ಅದರ ತಲೆಯನ್ನು ಕಿರಿದು ಮಾಡುತ್ತ ಹೋಗಬೇಕು. ಹಾಗೆ ಹೋಗುವವನ ಬಳಿಯಲ್ಲಿಯೇ ಸುಟ್ಟ ಕರಿ ನೆಲವಿರುತ್ತದೆ. ಒಮ್ಮೆ ಉರಿದುಹೋದ ನೆಲ ಮತ್ತೆ ಉರಿಯದಾದ್ದರಿಂದ ಅದೇ ಅವನ ಆಶ್ರಯ. ಆದರೆ ಇದೇ ಬೆಂಕಿ ಒಣ ಲಂಟಾನದ ಪೊದೆಗೆ ಹತ್ತಿದರೆ ಆಳೆತ್ತರ, ಎರಡಾಳೆತ್ತರ ಏಳುತ್ತದೆ. ಆಗ ಕೊಂಬೆ ಹಿಡಿದು ನಿಲ್ಲುವುದು ಶೌರ್ಯವಲ್ಲ. ಬಿಟ್ಟು ಹಿಂದಕ್ಕೆ ಬಂದು, ಮೊದಲೇ ಸವರಿಟ್ಟ ಬೆಂಕಿ ರೇಖೆಯ ಹತ್ತಿರ ಕಾಯಬೇಕು. ಏರಿನಲ್ಲಿ ಬೆಂಕಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಏಕೆಂದರೆ ಅದರ ನಾಲಗೆ ಮೇಲಿನ ಹುಲ್ಲನ್ನು ತಾಗುವ ಮೊದಲೇ ಕಾಯಿಸಿಬಿಟ್ಟಿರುತ್ತದೆ. ಆದುದರಿಂದ ಬೆಂಕಿ ತಗ್ಗಿನಲ್ಲಿದ್ದಾಗ ದಿಣ್ಣೆಯ ಮೇಲೆ ನಿಲ್ಲಬಾರದು. ಬೆಳಗಿನ ಜಾವದಲ್ಲಿ ಸಾಧುವಾಗಿದ್ದ ಬೆಂಕಿ, ಗಾಳಿ ಒಣಗಿದ ನಡು ಮಧ್ಯಾಹ್ನ ಬೇರೆಯೇ ಪ್ರಾಣಿಯಾಗುತ್ತದೆ.

ಕೆಡುವ ಗಳಿಗೆಗೆ ಮುಂಚೆ ಕೆಲವು ಗುರುತುಗಳು ಕಾಣಿಸುತ್ತವೆ. ಬೀಸುತ್ತಿದ್ದ ಗಾಳಿ ಥಟ್ಟನೆ ನಿಂತು ಇನ್ನೊಂದು ದಿಕ್ಕಿನಿಂದ ಮುಖಕ್ಕೆ ಬಡಿಯುತ್ತದೆ. ಎದುರಿಗಿದ್ದ ಹೊಗೆ ತಲೆಯ ಮೇಲೆ ಬಾಗುತ್ತದೆ. ಬೆನ್ನ ಹಿಂದೆ ಕಿಡಿ ಬೀಳುತ್ತದೆ. ಜೊತೆಯವನು ಬೆವರುವುದನ್ನು ನಿಲ್ಲಿಸಿ, ತಲೆನೋವೆಂದು, ಸಂಬಂಧವಿಲ್ಲದ ಮಾತು ಆಡತೊಡಗುತ್ತಾನೆ. ಇವುಗಳಲ್ಲಿ ಒಂದನ್ನು ಕಂಡರೂ ಕೆಲಸ ಬಿಟ್ಟು ಹೊರಗೆ ಬರಬೇಕು. ಹಾಗೆ ಬರಬೇಕಾದರೆ, ಕೊಂಬೆ ಹಿಡಿಯುವ ಮೊದಲೇ, ಹೊರಗೆ ಹೋಗುವ ಎರಡು ದಾರಿಗಳನ್ನು ಎಲ್ಲರೂ ನೋಡಿಟ್ಟುಕೊಂಡಿರಬೇಕು. ಒಂದನ್ನು ಬೆಂಕಿ ಮುಚ್ಚಿದರೆ ಇನ್ನೊಂದು ಬೇಕಲ್ಲ.

ಇಷ್ಟೂ ಆದ ಮೇಲೆ ನಾನು ಕೇಳಿದ್ದು ಇದು: ಹೊರಗೆ ಬಂದುದಕ್ಕೆ ಬೈಗುಳವಿಲ್ಲವೆಂದು ಆ ಹುಡುಗನಿಗೆ ಯಾರು, ಯಾವಾಗ ಹೇಳುತ್ತಾರೆ? ಬೆಂಕಿಯ ಮುಂದೆ ಹೇಳಲು ಹೊತ್ತಿರುವುದಿಲ್ಲ. ಆಮೇಲೆ ಹೇಳಿ ಫಲವಿಲ್ಲ. ಮೊದಲ ದಿನವೇ, ಮೇಲಧಿಕಾರಿಯ ಬಾಯಿಂದ, ಎಲ್ಲರೆದುರಿಗೆ ಅದು ಬರಬೇಕು. ಓಡಿಬರಲು ಅನುಮತಿ ಕೊಡುವುದೇ ಆ ಭಾಷಣದ ಮುಖ್ಯ ವಾಕ್ಯ. ಸುಟ್ಟ ಕಾಡು ನೋಡಲು ಸಂಕಟವಾಗುತ್ತದೆ ನಿಜ. ಆದರೆ ಮಳೆ ಬಿದ್ದರೆ ಹುಲ್ಲು ಬರುತ್ತದೆ, ಸುಟ್ಟ ಮರಗಳಲ್ಲಿ ಅನೇಕ ಚಿಗುರುತ್ತವೆ. ಹಾಡಿಯ ಮನೆಯೊಂದರಲ್ಲಿ ಇಲ್ಲವಾದವನು ಯಾವ ಮಳೆಗೂ ಬರುವುದಿಲ್ಲ. ಇನ್ನೊಬ್ಬನ ಪ್ರಾಣವನ್ನು ಕೇಳುವ ಹಕ್ಕು, ದಿನಗೂಲಿ ಕೊಡುವವನಿಗೆ ಇರಲಾರದು.

ವಲಯಾಧಿಕಾರಿಗಳ ಆಕ್ಷೇಪ ಹಗುರವಾದುದಾಗಿರಲಿಲ್ಲ. 'ಮೊದಲ ದಿನವೇ ಸಾವಿನ ಮಾತೆತ್ತಿದರೆ ಹತ್ತು ಜನರಲ್ಲಿ ಮೂವರು ಎದ್ದು ಹೋಗುತ್ತಾರೆ. ಆಮೇಲೆ ಕಾಡು ಕಾಯುವವರು ಯಾರು?' ಎಂದರು. ಇದಕ್ಕೆ ನನ್ನ ಉತ್ತರ ಇಷ್ಟೆ. ಕಾಡನ್ನು ಬಲ್ಲವರಿಗೆ ಅಪಾಯ ಹೊಸದಲ್ಲ; ಕಛೇರಿಗೂ ಅದು ಗೊತ್ತಿದೆಯೇ ಎಂಬುದು ಮಾತ್ರ ಅವರಿಗೆ ಸಂದೇಹ. ಅದನ್ನು ಬಾಯಿಬಿಟ್ಟು ಹೇಳಿದರೆ ಅವರ ಧೈರ್ಯ ಹೆಚ್ಚೀತೇ ಹೊರತು ಕುಂದದು. ಅರಿಯದ ಹುಡುಗರ ವಿಷಯ ಬೇರೆ. ಕೇಳಿ ಎದ್ದು ಹೋಗುವವನಿಗೆ ಹೋಗುವ ಹಕ್ಕಿದೆ. ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಮೂವರು ಹೋದರೆ ಉಳಿದ ಏಳು ಜನ ತಿಳಿದು ಉಳಿದವರು; ಆ ಏಳರ ಲೆಕ್ಕವೇ ನಿಜವಾದ ಲೆಕ್ಕ. ಮೂವರಿಗಾಗಿ ಬೇರೆ ಜನರನ್ನು ಹುಡುಕುವುದು ಕಷ್ಟವೆಂದು ನಾನು ಬಲ್ಲೆ. ಆ ಕಷ್ಟ ಕಛೇರಿಯದು. ಅದನ್ನು ತಪ್ಪಿಸಿಕೊಳ್ಳಲು ಹುಡುಗನ ಅಜ್ಞಾನವನ್ನು ಬಳಸಬಾರದು.

ನಾಲ್ಕನೆಯದು ಆಜ್ಞಾಪಾಲನೆ. ಬೆಂಕಿಯ ಕೆಲಸದಲ್ಲಿ ಆಜ್ಞೆ ಬೇಕೇ ಬೇಕು. ಎದುರು ಬೆಂಕಿ ಕೊಡುವುದೆಂಬ ಉಪಾಯವೊಂದಿದೆ. ಬೆಂಕಿ ರೇಖೆಯಿಂದ ನಾವೇ ಬೆಂಕಿ ಹಚ್ಚಿ, ಬರುವ ಬೆಂಕಿಯ ಎದುರಿಗೆ ಬಿಟ್ಟು, ಎರಡೂ ಸೇರಿ ಮೇವಿಲ್ಲದೆ ಆರುವಂತೆ ಮಾಡುವುದು. ಎರಡು ಬೆಂಕಿಗಳ ನಡುವೆ ಒಬ್ಬನು ಉಳಿದಿದ್ದರೂ ಅನಾಹುತ. ಆದ್ದರಿಂದ ಒಬ್ಬನೇ ಹೇಳಬೇಕು, ಹೇಳುವ ಮೊದಲು ತಲೆ ಎಣಿಸಬೇಕು, ಹೇಳಿದುದನ್ನು ಉಳಿದವರು ಕೇಳಬೇಕು. ಆದರೆ ಅಪ್ಪಣೆ ಕೊಟ್ಟ ಮಾತ್ರಕ್ಕೆ ಜನ ಕೇಳುತ್ತಾರೆಯೇ? 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ನಡೆದ ಸಂಗತಿ ಇದಕ್ಕೆ ಉತ್ತರ ಹೇಳುತ್ತದೆ. ಹದಿನೈದು ಜನ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದು ಬೆಂಕಿ ಆರಿಸಲು ಹೋದರು. ಕೆಳಗೆ ಇನ್ನೊಬ್ಬ ಕಾವಲುಗಾರ ಅವರನ್ನು ಸೇರಿಕೊಂಡ. ಒಣಹುಲ್ಲಿನ ಏರಿನಲ್ಲಿ ಬೆಂಕಿ ಅವರನ್ನು ಅಟ್ಟಿಸಿಕೊಂಡು ಬಂದಿತು. ಮುಖಂಡ ವ್ಯಾಗ್ನರ್ ಡಾಜ್ ಓಡುವುದನ್ನು ನಿಲ್ಲಿಸಿ, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೇ ಬೆಂಕಿ ಹಚ್ಚಿದ. ಅದು ಸುಟ್ಟು ಕರಿಯಾದ ನೆಲಕ್ಕೆ ಬಂದು ಮಲಗಿ ಎಂದು ಉಳಿದವರನ್ನು ಕೂಗಿ ಕರೆದ. ಯಾರೂ ಬರಲಿಲ್ಲ. ಬೆಂಕಿಯಿಂದ ಓಡುವಾಗ ಬೆಂಕಿ ಹಚ್ಚುವವನು ಅವರ ಕಣ್ಣಿಗೆ ಹುಚ್ಚನಂತೆ ಕಂಡಿರಬೇಕು. ಹದಿಮೂರು ಜನ ತೀರಿಕೊಂಡರು. ಡಾಜ್ ಆ ಬೂದಿಯಲ್ಲಿ ಮಲಗಿ ಬದುಕಿದ. ಇನ್ನಿಬ್ಬರು ದಿಣ್ಣೆಯ ತುದಿಯ ಬಂಡೆಗಳ ಸಂದಿನಿಂದ ಪಾರಾದರು.

ಅವರು ಹೇಡಿಗಳಲ್ಲ, ಅಶಿಸ್ತಿನವರೂ ಅಲ್ಲ. ಆದರೆ ಆ ತಂಡ ಒಟ್ಟಿಗೆ ಪಳಗಿದುದಲ್ಲ. ಅವರಿಗೂ ಡಾಜನಿಗೂ ಬಳಕೆ ಸಾಲದು. ಸರಿಯಾದ ಅಪ್ಪಣೆಯೇ ಬಂದಿತ್ತು. ಅದು ಕಿವಿಗೆ ಬಿದ್ದರೂ ನಂಬಿಕೆಗೆ ಬೀಳಲಿಲ್ಲ. ಮೊದಲ ದಿನದ ವಿಶ್ವಾಸಕ್ಕೆ ಇಲ್ಲಿ ಅರ್ಥ ಬರುತ್ತದೆ. ನಗುಮುಖ, ಹೂವು, ಮಿಠಾಯಿ ಎಲ್ಲವೂ ಚೆನ್ನ. ಆದರೆ ಕೆಲಸದ ಜಾಗದಲ್ಲಿ ವಿಶ್ವಾಸಕ್ಕೆ ಬೇರೊಂದು ಕೆಲಸವಿದೆ. ಒಂದು ದಿನ ವಿಚಿತ್ರವಾಗಿ ಕಾಣುವ ಮಾತನ್ನು ಇವನಿಂದ ಕೇಳಬೇಕಾದೀತು. ಆಗ 'ಇವನು ಹೇಳಿದರೆ ಸರಿ' ಎನಿಸಬೇಕು. ಹಾಗೆಯೇ ಇವನು ಹೇಳಿದ್ದು ತಪ್ಪೆಂದು ಹಾಡಿಯ ಹಿರಿಯನಿಗೆ ಕಂಡರೆ, 'ಬ್ಯಾಡ ಬುದ್ಧಿ, ಗಾಳಿ ತಿರುಗ್ತದೆ' ಎನ್ನಲು ಅವನಿಗೆ ನಾಲಗೆ ಬರಬೇಕು. ಪ್ರಶ್ನಿಸದೆ ಪಾಲಿಸಬೇಕೆಂಬ ವಾಕ್ಯ ಮೊದಲನೆಯದನ್ನು ಕೊಡಲಾರದು, ಎರಡನೆಯದನ್ನು ಕೊಂದುಬಿಡುತ್ತದೆ. ಅದರ ಬದಲು ಹೀಗೆಂದೆವು: 'ಬೆಂಕಿಯ ಹತ್ತಿರ ಹೋಗುವ ಮೊದಲು ಎಷ್ಟು ಬೇಕಾದರೂ ಕೇಳಿ. ಹತ್ತಿರ ಹೋದ ಮೇಲೆ ಅಪಾಯ ಕಂಡವನು ಯಾರೇ ಆಗಲಿ ಕೂಗಬೇಕು. ಹೊರಗೆ ಬನ್ನಿ ಎಂದರೆ ಮಾತ್ರ ಏಕೆಂದು ಕೇಳದೆ ಬರಬೇಕು.' ಒಳಗೆ ಹೋಗುವುದಕ್ಕೆ ಪ್ರಶ್ನೆಯುಂಟು, ಹೊರಗೆ ಬರುವುದಕ್ಕೆ ಪ್ರಶ್ನೆಯಿಲ್ಲ. ಆಜ್ಞೆಗೂ ಬುದ್ಧಿಗೂ ಇದಕ್ಕಿಂತ ನ್ಯಾಯವಾದ ಪಾಲು ನನಗೆ ತೋಚಲಿಲ್ಲ.

ಉಳಿದದ್ದು ತೆರೆದ ಬಾಗಿಲು. ವಲಯ ಕಛೇರಿಯ ಬಾಗಿಲು ತೆರೆದೇ ಇತ್ತು, ಸಂದೇಹವಿಲ್ಲ. ಆದರೆ ಕಾವಲಿನವರು ಇರುವುದು ಕಾಡೊಳಗಿನ ಶಿಬಿರಗಳಲ್ಲಿ, ಆ ಬಾಗಿಲಿಗೆ ಮೈಲಿಗಟ್ಟಲೆ ದೂರ, ನಡುವೆ ಆನೆ. ಅಂಥವನಿಗೆ ಬಾಗಿಲೆಂದರೆ ಶಿಬಿರದಲ್ಲಿರುವ ವೈರ್‌ಲೆಸ್ ಪೆಟ್ಟಿಗೆ. ಅತ್ತ ಕಡೆ ಅದನ್ನು ಎತ್ತುವವನೊಬ್ಬನಿದ್ದರೆ ಬಾಗಿಲು ತೆರೆದಿದೆ; ಇಲ್ಲದಿದ್ದರೆ ಮುಚ್ಚಿದೆ. ಆದುದರಿಂದ ದಿನಾ ಕತ್ತಲಾಗುವ ಹೊತ್ತಿಗೆ ಪ್ರತಿ ಶಿಬಿರವನ್ನೂ ಕರೆದು, ಹೋದವರಷ್ಟು ಜನ ಮರಳಿದರೇ ಎಂದು ಹೆಸರು ಹಿಡಿದು ಕೇಳುವುದೆಂದು ಗೊತ್ತುಮಾಡಿದೆವು. ಹೆಸರು ಹಿಡಿದು ಎಂಬುದು ಮುಖ್ಯ. 'ಎಂಟು ಜನ ಸರಿ' ಎಂಬ ಲೆಕ್ಕದಲ್ಲಿ ಒಬ್ಬ ತಪ್ಪಿಹೋಗಬಹುದು. ಹೆಸರು ಕೂಗಿದರೆ ತಪ್ಪುವುದಿಲ್ಲ. ಆದರಕ್ಕೂ ಸುರಕ್ಷತೆಗೂ ಒಂದೇ ಕೆಲಸ ಸಾಕಾದ ಸ್ಥಳಗಳು ಲೋಕದಲ್ಲಿ ವಿರಳ, ಇದು ಅಂಥದೊಂದು.

ಐದು ವಾಕ್ಯಗಳ ಭಾಷಣ ಹೀಗೆ ಒಂದು ಪುಟವಾಯಿತು. ಅದರಲ್ಲಿ ವನದೇವಿಯಿರಲಿಲ್ಲ, ಕುಟುಂಬವಿರಲಿಲ್ಲ, ಬಲಿದಾನವಿರಲಿಲ್ಲ. ವಲಯಾಧಿಕಾರಿಗಳು ಅದನ್ನು ಓದದೆ, ನೆನಪಿನಿಂದ ಹೇಳಿದರಂತೆ. ಕೊನೆಯಲ್ಲಿ ಹಾಡಿಯ ಹಿರಿಯರನ್ನು ಎಬ್ಬಿಸಿ ನೀವು ಎರಡು ಮಾತಾಡಿ ಎಂದರಂತೆ. ಅವರು ಹುಡುಗರ ಕಡೆ ತಿರುಗಿ, 'ಸೊಪ್ಪು ಮುರ್ಯಾ ಮೊದ್ಲು ದಾರಿ ನೋಡ್ಕಳ್ರಪ್ಪಾ' ಎಂದಷ್ಟೇ ಹೇಳಿ ಕುಳಿತರಂತೆ. ಒಬ್ಬ ಹುಡುಗ ಮಾರನೆಯ ದಿನ ಬರಲಿಲ್ಲ. ಅವನ ಮನೆಗೆ ಯಾರನ್ನೂ ಕಳಿಸಿ ಒತ್ತಾಯಿಸಲಿಲ್ಲವೆಂದು ಕೇಳಿ ನನಗೆ ಸಮಾಧಾನವಾಯಿತು.

ಮೊದಲಿಗೆ ಎತ್ತಿದ ಪ್ರಶ್ನೆಗೆ ನನ್ನ ಉತ್ತರ ಇದರಲ್ಲಿಯೇ ಬಂದಿದೆ. ಮಾತನಾಡುವವನು ತನ್ನ ಕೈಯಲ್ಲಿರುವುದಕ್ಕೆ ಮಾತ್ರ ಮಾತು ಕೊಡಬೇಕು. ಕೈಯಲ್ಲಿಲ್ಲದುದನ್ನು ಇಲ್ಲವೆಂದು ಹೇಳಬೇಕು. ಕೇಳುವವನು ತಿಳಿದು ಕೊಡಬಹುದಾದಷ್ಟನ್ನೇ ಕೇಳಬೇಕು. ಆದರೆ ಒಂದು ಸಂಗತಿ ಇನ್ನೂ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ. ಕೆಲಸಕ್ಕೆ ಬರುವ ದಿನದ ಭಾಷಣಕ್ಕೆ ನಾವು ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ. ಮೇ ತಿಂಗಳಲ್ಲಿ ಮಳೆ ಬೀಳುತ್ತದೆ, ನೆಲ ತೊಯ್ಯುತ್ತದೆ, ಹಾಜರಿ ಪುಸ್ತಕ ಮುಚ್ಚುತ್ತದೆ. ಕಾವಲಿನವರು ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಆ ದಿನ ಅವರ ಮುಂದೆ ನಿಂತು ಎರಡು ಮಾತಾಡುವವರನ್ನು ನಾನಂತೂ ಈವರೆಗೆ ಕಂಡಿಲ್ಲ. ಬಂದವರ ಹೆಸರು ಹಿಡಿದು ಕರೆದಂತೆ ಹೋಗುವವರ ಹೆಸರನ್ನೂ ಕರೆದು, 'ಎಲ್ಲರೂ ಇದ್ದೀರಿ; ಹೋಗಿ ಬನ್ನಿ' ಎನ್ನುವುದಾದರೆ, ಜನವರಿಯಲ್ಲಿ ಆಡಿದ ಸ್ವಾಗತ ಅಂದಿಗೆ ಪೂರ್ತಿಯಾದೀತು.